ಸುರ್ಝಿಕ್ ಎಂಬ ಬೆರಕೆ ಮಾತು: ಸಬ್‌ಟೈಟಲ್ ಮತ್ತು ಕಥೆ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಕ್ರೇನಿನ ಸಿನಿಮಾ, ಸಾಕ್ಷ್ಯಚಿತ್ರ, ಕಥೆಗಳನ್ನು ಕನ್ನಡಕ್ಕೆ ತರುವ ಗೆಳೆಯರು ಪತ್ರದಲ್ಲೋ ಮಾತಿನ ನಡುವೆಯೋ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಬಿಟ್ಟಿದ್ದೇನೆ. ಉಕ್ರೇನಿಯನ್ ಮತ್ತು ರಷ್ಯನ್ ಪದಗಳನ್ನು ಕಿವಿಗೆ ಬೀಳುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಇದು ಅಂದಾಜಿನ ಬರಹ, ಉಚ್ಚಾರಣೆಯ ಪಾಠ ಅಲ್ಲ.

## ಮೊದಲ ಪರಿಚಯ

ಸುರ್ಝಿಕ್ ಅಂದ್ರೆ ಏನು? ಅದೂ ಒಂದು ಭಾಷೆನಾ?

ಉಕ್ರೇನಿಯನ್ ಮತ್ತು ರಷ್ಯನ್ ಬೆರೆತ ಆಡುಮಾತಿಗೆ ಉಕ್ರೇನಿನಲ್ಲಿ ಇಟ್ಟ ಹೆಸರು ಸುರ್ಝಿಕ್. ಮೂಲದಲ್ಲಿ ಇದು ರೈತರ ಪದ. ಗೋಧಿ ಜೊತೆ ರೈ ಧಾನ್ಯ, ರೈ ಜೊತೆ ಬಾರ್ಲಿ, ಹೀಗೆ ಬೆರೆತ ಕಾಳಿಗೆ ಮತ್ತು ಅದರ ಹಿಟ್ಟಿಗೆ ಸುರ್ಝಿಕ್ ಅನ್ನುತ್ತಿದ್ದರು. ಅದರ ರೊಟ್ಟಿ ಎರಡನೇ ದರ್ಜೆಯದು. ಪಕ್ಕದ ಬೆಲಾರೂಸ್‌ನಲ್ಲೂ ಹೀಗೇ ರಷ್ಯನ್ ಬೆರೆತ ಮಾತಿದೆ. ಅದರ ಹೆಸರು ತ್ರಸ್ಯಾಂಕಾ, ಅಂದರೆ ಒಣಹುಲ್ಲು ಕಲಸಿದ ಮೇವು. ಎರಡು ದೇಶಗಳಲ್ಲೂ ಹೆಸರು ಹೊಲದಿಂದಲೇ ಬಂತು, ಎರಡರಲ್ಲೂ ‘ಕಲಬೆರಕೆ’ ಅನ್ನುವ ಮೂಗುಮುರಿತ ಇದೆ.

ಇದಕ್ಕೆ ವ್ಯಾಕರಣ ಪುಸ್ತಕವಿಲ್ಲ, ಶಾಲೆಯಲ್ಲಿ ಕಲಿಸುವುದಿಲ್ಲ. ಊರಿಂದ ಊರಿಗೆ, ಮನೆಯಿಂದ ಮನೆಗೆ ಬೆರಕೆಯ ಪ್ರಮಾಣ ಬದಲಾಗುತ್ತದೆ. ಹಾಗಂತ ಸುಮ್ನೆ ಬಾಯಿಗೆ ಬಂದದ್ದಲ್ಲ. ಮಕ್ಕಳು ತಾಯಿಯಿಂದ ಇದನ್ನೇ ಮೊದಲ ಮಾತಾಗಿ ಕಲಿತ ಮನೆಗಳು ಬೇಕಾದಷ್ಟಿವೆ. ಮಧ್ಯ, ಪೂರ್ವ ಮತ್ತು ದಕ್ಷಿಣ ಉಕ್ರೇನಿನಲ್ಲಿ ಜಾಸ್ತಿ, ಪಶ್ಚಿಮದಲ್ಲಿ ಕಡಿಮೆ.

ಇದು ಹುಟ್ಟಿದ್ದು ಹೇಗೆ?

ಹಳ್ಳಿಯ ಉಕ್ರೇನಿಯನ್ ಮಾತಿನವರು ರಷ್ಯನ್ ನಡೆಯುವ ಜಾಗಗಳಿಗೆ ಹೋದದ್ದರಿಂದ. ತ್ಸಾರ್ ಕಾಲದಲ್ಲಿ ಸೈನ್ಯ, ಕಚೇರಿ, ಕಾರ್ಖಾನೆ ಎಲ್ಲ ರಷ್ಯನ್‌ನಲ್ಲಿ. 1876ರಲ್ಲಿ ಎರಡನೇ ಅಲೆಕ್ಸಾಂಡರ್ ಎಮ್ಸ್ ಎಂಬ ಊರಿನಲ್ಲಿ ಸಹಿ ಹಾಕಿದ ಆಜ್ಞೆ ಉಕ್ರೇನಿಯನ್ ಪುಸ್ತಕಗಳ ಮುದ್ರಣವನ್ನು ಬಹುಪಾಲು ನಿಲ್ಲಿಸಿತು. ಸೋವಿಯತ್ ಕಾಲದಲ್ಲಿ ಹಳ್ಳಿ ಬಿಟ್ಟು ಪಟ್ಟಣ ಸೇರಿದವರಿಗೂ ಮೇಲೇರಲು ರಷ್ಯನ್ ಬೇಕಿತ್ತು. ಪೂರ್ತಿ ಕಲಿಯಲು ಪುರುಸೊತ್ತಿರಲಿಲ್ಲ. ಇದ್ದ ಮಾತಿನ ಮೇಲೆ ಹೊಸ ಪದಗಳು ಕೂತವು.

1991ರ ನಂತರ ಗಾಳಿ ತಿರುಗಿತು, 2022ರ ಫೆಬ್ರವರಿಯ ದಾಳಿಯ ನಂತರ ಇನ್ನೂ ಜೋರಾಯಿತು. ರಷ್ಯನ್ ಆಡುತ್ತಿದ್ದ ಎಷ್ಟೋ ನಗರವಾಸಿಗಳು ಬೇಕೆಂದೇ ಉಕ್ರೇನಿಯನ್‌ಗೆ ಬದಲಾದರು. ಅವರ ಬಾಯಲ್ಲೂ ಬೆರಕೆ ಬರುತ್ತದೆ, ಆದರೆ ಎದುರು ದಿಕ್ಕಿನಿಂದ. ಸಬ್‌ಟೈಟಲ್ ಬರೆಯುವವರು ಇದನ್ನು ಮರೆಯಬಾರದು. ಪೊಲ್ತಾವಾ ಕಡೆಯ ಹಳ್ಳಿಯ ಅಜ್ಜಿಯ ಸುರ್ಝಿಕ್ ಬೇರೆ, ಖಾರ್ಕಿವ್‌ನ ಎಂಜಿನಿಯರ್ ಕಷ್ಟಪಟ್ಟು ಆಡುವ ಬೆರಕೆ ಬೇರೆ. ಅಜ್ಜಿಯ ಮಾತು ನೀರಿನ ಹಾಗೆ ಹರಿಯುತ್ತದೆ. ಎಂಜಿನಿಯರ್ ಪದ ಹುಡುಕುತ್ತಾನೆ, ನಿಲ್ಲುತ್ತಾನೆ.

ನಮ್ಮ ಕಂಗ್ಲಿಷ್ ಥರಾನೇ ಅಲ್ವಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಅಲ್ಲ. ಕಾರಣ ಎರಡು.

ಮೊದಲನೆಯದು, ಕನ್ನಡಕ್ಕೂ ಇಂಗ್ಲಿಷಿಗೂ ನೆಂಟಸ್ತನವಿಲ್ಲ. ಬೆರೆತದ್ದು ತಕ್ಷಣ ಗೊತ್ತಾಗುತ್ತದೆ. ಉಕ್ರೇನಿಯನ್ ಮತ್ತು ರಷ್ಯನ್ ಹತ್ತಿರದ ದಾಯಾದಿಗಳು. ಎಷ್ಟೋ ಪದ ಎರಡರಲ್ಲೂ ಒಂದೇ, ಇನ್ನೆಷ್ಟೋ ಒಂದು ಸ್ವರದಷ್ಟು ಬೇರೆ. ಯಾವ ಪದ ಯಾರದ್ದು ಅಂತ ಆಡುವವರಿಗೇ ಗೊತ್ತಿರುವುದಿಲ್ಲ.

ಎರಡನೆಯದು ಅಂತಸ್ತಿನ ವಿಷಯ. ಕನ್ನಡದ ಮಧ್ಯೆ ಇಂಗ್ಲಿಷ್ ಉದುರಿಸಿದರೆ ನಮ್ಮಲ್ಲಿ ‘ಓದಿದವರು’ ಅನ್ನಿಸುತ್ತದೆ. ಸುರ್ಝಿಕ್ ಕೇಳಿದರೆ ಉಕ್ರೇನಿನಲ್ಲಿ ‘ಹಳ್ಳಿಯವರು, ಅರ್ಧಂಬರ್ಧ ಓದಿದವರು’ ಅನ್ನಿಸುತ್ತದೆ. ಹಾಗಾಗಿ ಆ ಅಜ್ಜಿಯ ಬಾಯಿಗೆ ಕಂಗ್ಲಿಷ್ ಹಾಕಿದರೆ ಅರ್ಥ ತಲೆಕೆಳಗಾಗುತ್ತದೆ. ಈ ಮಾತಿಗೆ ಒಂದು ಅಪವಾದ ಇದೆ, ಕೆಳಗೆ ನಾಟಕದ ಪ್ರಶ್ನೆಯಲ್ಲಿ ಬರುತ್ತದೆ.

## ಕೇಳಿ ಗುರುತಿಸುವುದು

ನಂಗೆ ಉಕ್ರೇನಿಯನ್ ಸ್ವಲ್ಪ ಬರುತ್ತೆ. ಸುರ್ಝಿಕ್ ಅಂತ ಕಿವಿಗೆ ಹೇಗೆ ಗೊತ್ತಾಗಬೇಕು?

ಒಂದು ಪದ ಹಿಡಿದು ನೋಡೋಣ. ‘ಅವನು ಕೆಲಸ ಮಾಡುತ್ತಾನೆ’ ಅನ್ನಲು ಉಕ್ರೇನಿಯನ್‌ನಲ್ಲಿ ‘ಪ್ರಾತ್ಸ್ಯೂಯೆ’. ರಷ್ಯನ್‌ನಲ್ಲಿ ‘ರಬೋತಯೆತ್’. ಸುರ್ಝಿಕ್‌ನಲ್ಲಿ ‘ರಾಬೋತಾಯೆ’. ಕೊನೆಯ ‘ತ್’ ಏನಾಯಿತು? ಉಕ್ರೇನಿಯನ್‌ನಲ್ಲಿ ಇಂಥ ಕ್ರಿಯಾಪದಕ್ಕೆ ಆ ‘ತ್’ ಇಲ್ಲ. ಹಾಗಾಗಿ ರಷ್ಯನ್ ಬೇರಿಗೆ ಉಕ್ರೇನಿಯನ್ ಬಾಲ ಅಂಟಿಕೊಂಡಿತು. ಸುರ್ಝಿಕ್‌ನ ಗುಟ್ಟು ಬಹುಮಟ್ಟಿಗೆ ಇಷ್ಟೇ: ಪದ ಅಲ್ಲಿಂದ, ಪ್ರತ್ಯಯ ಮತ್ತು ಉಚ್ಚಾರಣೆ ಇಲ್ಲಿಂದ. ನಾವು ‘ಬದಲಾಯಿಸು’, ‘ಜಮಾಯಿಸು’ ಅನ್ನುವಾಗ ಪರಭಾಷೆಯ ಬೇರಿಗೆ ಕನ್ನಡದ ಬಾಲ ಕಟ್ಟುತ್ತೇವಲ್ಲ, ಹಾಗೆ. ನಮಗೆ ಅದು ಬೆರಕೆ ಅಂತ ಹೊಳೆಯುವುದೇ ಇಲ್ಲ. ಅವರಿಗೂ ಅಷ್ಟೇ.

ಉಚ್ಚಾರಣೆಯಲ್ಲಿ ಎರಡು ಗುರುತು ಹಿಡಿದರೆ ಸಾಕು. ಒಂದು, ರಷ್ಯನ್ನರು ಒತ್ತು ಬೀಳದ ‘ಒ’ವನ್ನು ‘ಅ’ ಮಾಡುತ್ತಾರೆ, ಉಕ್ರೇನಿಯನ್ನರು ‘ಒ’ವನ್ನು ‘ಒ’ ಆಗಿಯೇ ಉಳಿಸುತ್ತಾರೆ. ‘ತಿಳಿಯಿತಾ?’ ಅನ್ನಲು ಉಕ್ರೇನಿಯನ್ ಪದ ‘ರೊಝುಮೀಯೆಶ್’. ರಷ್ಯನ್ನರು ‘ಪನಿಮಾಯೆಶ್’ ಅನ್ನುತ್ತಾರೆ. ಸುರ್ಝಿಕ್ ಆಡುವವರು ರಷ್ಯನ್ ಪದವನ್ನೇ ತೆಗೆದುಕೊಂಡು ‘ಪೊನಿಮಾಯೆಶ್’ ಅನ್ನುತ್ತಾರೆ.

ಇನ್ನೊಂದು ಗುರುತು ಕನ್ನಡಿಗರ ಕಿವಿಗೆ ಇನ್ನೂ ಸುಲಭ. ಎರಡೂ ಭಾಷೆಗಳು ಒಂದೇ ಅಕ್ಷರ ಬರೆದರೂ ರಷ್ಯನ್ನರು ಅದನ್ನು ‘ಗ’ ಅಂತ ಓದುತ್ತಾರೆ, ಉಕ್ರೇನಿಯನ್ನರು ‘ಹ’ ಅಂತ. ತಲೆಗೆ ಅವರು ‘ಗಲವಾ’ ಅಂದರೆ ಇವರು ‘ಹೊಲೊವಾ’. ಸುರ್ಝಿಕ್ ಆಡುವವರು ರಷ್ಯನ್ ಪದ ತಂದರೂ ‘ಹ’ ಬಿಡುವುದಿಲ್ಲ. ಆದರೆ ‘ಹ’ ಒಂದನ್ನೇ ನಂಬಬೇಡಿ. ದಕ್ಷಿಣ ರಷ್ಯಾದ ಹಳ್ಳಿಗಳಲ್ಲೂ ಅದಕ್ಕೆ ಹತ್ತಿರದ ಧ್ವನಿ ಇದೆ.

ನಾನು ವಿನ್ನಿತ್ಸ್ಯಾದಲ್ಲಿ ಎಂಬಿಬಿಎಸ್ ಓದಿದೆ. ಸಂತೆಯಲ್ಲಿ ಕಲಿತದ್ದು ಉಕ್ರೇನಿಯನ್ನಾ, ಸುರ್ಝಿಕ್ಕಾ?

ಎರಡೂ ಇರಬಹುದು. ಆಸ್ಪತ್ರೆಗೆ ‘ಲಿಕಾರ್ನ್ಯಾ’ ಅನ್ನುವುದನ್ನು ಕಲಿತಿದ್ದರೆ ಅದು ಉಕ್ರೇನಿಯನ್. ‘ಬೊಲ್ನಿತ್ಸ್ಯಾ’ ಅಂತ ಕಲಿತಿದ್ದರೆ ರೋಗಿಗಳ ಬಾಯಿಂದ ಕಲಿತಿದ್ದೀರಿ, ಅದು ಸುರ್ಝಿಕ್. ರಷ್ಯನ್ ಪದ ‘ಬಲ್ನಿತ್ಸಾ’. ‘ಬೇಕು’ ಅನ್ನಲು ‘ತ್ರೆಬಾ’ ಅನ್ನುತ್ತಿದ್ದಿರಾ, ‘ನಾದಾ’ ಅನ್ನುತ್ತಿದ್ದಿರಾ ಅಂತ ನೆನಪು ಮಾಡಿಕೊಳ್ಳಿ. ‘ನಾದಾ’ ರಷ್ಯನ್ ಕಡೆಯದು.

‘ಶೊ’ ಅಂದ್ರೆ ಸಾಕು ಸುರ್ಝಿಕ್ ಅಂತಾರಲ್ಲ, ನಿಜಾನಾ?

‘ಏನು’ ಅನ್ನಲು ಪುಸ್ತಕದ ಉಕ್ರೇನಿಯನ್‌ನಲ್ಲಿ ‘ಶ್ಚೊ’, ರಷ್ಯನ್‌ನಲ್ಲಿ ‘ಶ್ತೊ’. ‘ಶೊ’ ಎರಡೂ ಅಲ್ಲ. ಅದು ಉಕ್ರೇನಿನ ಬಹುಪಾಲು ಆಡುಮಾತುಗಳಲ್ಲಿ ಇರುವ ರೂಪ. ಚೆನ್ನಾಗಿ ಓದಿಕೊಂಡವರೂ ಮನೆಯಲ್ಲಿ ‘ಶೊ’ ಅನ್ನುತ್ತಾರೆ. ಅದೊಂದರಿಂದ ಪಾತ್ರಕ್ಕೆ ಸುರ್ಝಿಕ್ ಹಣೆಪಟ್ಟಿ ಹಚ್ಚಿದರೆ ತಪ್ಪು.

ಹಾಗೆಯೇ ‘ಅವನು ಮಾಡ್ತಾನೆ’, ‘ಅವನು ಹೋಗ್ತಾನೆ’ ಅನ್ನಲು ಕೆಲವರು ‘ರೋಬೆ’, ‘ಖೋದೆ’ ಅನ್ನುತ್ತಾರೆ. ಶಿಷ್ಟ ರೂಪ ‘ರೋಬಿತ್’, ‘ಖೋದಿತ್’. ಇದು ಪ್ರಾದೇಶಿಕ ಉಕ್ರೇನಿಯನ್. ರಷ್ಯನ್‌ಗೆ ಇದರಲ್ಲಿ ಪಾಲಿಲ್ಲ. ನಾನು ಮಾಡುವ ಪರೀಕ್ಷೆ ಇದು: ಅನುಮಾನದ ರೂಪ ರಷ್ಯನ್‌ನಲ್ಲಿ ಸಿಗುತ್ತದಾ? ಸಿಗದಿದ್ದರೆ ಅದು ಉಪಭಾಷೆ ಇರಬಹುದು. ಸಿಕ್ಕರೆ, ಅದಕ್ಕೆ ಬೇರೆಯೇ ಉಕ್ರೇನಿಯನ್ ಪದ ಇದೆಯಾ? ಇದ್ದರೆ ಆಗ ಸುರ್ಝಿಕ್ ಅನ್ನಬಹುದು. ಎರಡರಲ್ಲೂ ಇರುವ ಪದ ಏನನ್ನೂ ಹೇಳುವುದಿಲ್ಲ.

ಅನುವಾದದಲ್ಲಿ ಅರ್ಥವೇ ಕೆಡುವ ಜಾಗ ಯಾವುದು?

ದಿನ ಮತ್ತು ಗಂಟೆ. ನಾನೇ ಬಿದ್ದ ಹಳ್ಳ ಇದು. ಒಂದು ಚಿತ್ರದಲ್ಲಿ ತಾಯಿ ‘ನೆದಿಲ್ಯಾ’ ಅಂದಳು. ಉಕ್ರೇನಿಯನ್‌ನಲ್ಲಿ ಅದು ಭಾನುವಾರ. ನಾನು ‘ಭಾನುವಾರ ಬರ್ತೀನಿ ಅಂದಿದ್ದ’ ಅಂತ ಬರೆದೆ. ಮುಂದಿನ ದೃಶ್ಯದಲ್ಲಿ ಏಳು ದಿನ ಕಾದ ಲೆಕ್ಕ ಬಂತು. ಅವಳು ಆಡಿದ್ದು ಸುರ್ಝಿಕ್. ರಷ್ಯನ್‌ನ ‘ನೆದೆಲ್ಯಾ’ ಅಂದರೆ ವಾರ. ಅವಳು ಹೇಳಿದ್ದು ‘ಒಂದು ವಾರದಲ್ಲಿ’.

‘ಚಾಸ್’ ಕೂಡ ಹೀಗೇ. ಉಕ್ರೇನಿಯನ್‌ನಲ್ಲಿ ಅದು ‘ಸಮಯ’, ರಷ್ಯನ್‌ನಲ್ಲಿ ‘ಗಂಟೆ’. ಸುರ್ಝಿಕ್ ಆಡುವವರು ಎರಡೂ ಅರ್ಥದಲ್ಲಿ ಬಳಸುತ್ತಾರೆ. ‘ಚಾಸು ನೆಮಾ’ ಅಂದರೆ ಪುರುಸೊತ್ತಿಲ್ಲ. ಪಕ್ಕದಲ್ಲಿ ಸಂಖ್ಯೆ ಬಂದರೆ, ‘ಉ ತ್ರಿ ಚಾಸಾ’ ಅಂದ ಹಾಗೆ, ಅದು ‘ಮೂರು ಗಂಟೆಗೆ’. ಸುರ್ಝಿಕ್ ಪಾತ್ರದ ದಿನ, ಗಂಟೆಯ ಮಾತುಗಳನ್ನೆಲ್ಲ ಗುರುತು ಹಾಕಿಕೊಂಡು, ಚಿತ್ರ ಪೂರ್ತಿ ನೋಡಿದ ಮೇಲೆ ಇನ್ನೊಮ್ಮೆ ತಾಳೆ ನೋಡಿ.

## ಕನ್ನಡಕ್ಕೆ ತರುವಾಗ

ಸುರ್ಝಿಕ್ ಆಡೋ ಪಾತ್ರಕ್ಕೆ ಧಾರವಾಡ ಕನ್ನಡ ಕೊಟ್ರೆ ಹೇಗೆ?

ದಯವಿಟ್ಟು ಬೇಡ. ‘ಆಸ್ಪತ್ರಿಗೆ ಹೋಗಿದ್ದಿಯೇನ ಬೇ’ ಅಂತ ಪರದೆ ಮೇಲೆ ಬಂದ ಕೂಡಲೇ ನೋಡುವವರ ಮನಸ್ಸು ಪೊಲ್ತಾವಾ ಬಿಟ್ಟು ಧಾರವಾಡಕ್ಕೆ ಬರುತ್ತದೆ. ಅದು ಒಂದು ತೊಂದರೆ. ಇನ್ನೊಂದು, ಧಾರವಾಡದ ಮಾತು ಬೆರಕೆಯಲ್ಲ, ಅದು ಒಂದು ಪೂರ್ತಿ ಉಪಭಾಷೆ. ಅದನ್ನು ‘ಕೆಟ್ಟ ಉಕ್ರೇನಿಯನ್’ ಜಾಗದಲ್ಲಿ ಕೂರಿಸಿದರೆ ಅಲ್ಲಿಯವರು ಸಿಟ್ಟಾಗುವುದು ನ್ಯಾಯವೇ.

ಬೆಳಗಾವಿಯ ಮರಾಠಿ ಬೆರೆತ ಕನ್ನಡ, ಕೋಲಾರದ ತೆಲುಗು ಬೆರೆತ ಕನ್ನಡ ರಚನೆಯಲ್ಲಿ ಸುರ್ಝಿಕ್‌ಗೆ ಹತ್ತಿರ ಅಂತ ಒಬ್ಬರು ವಾದಿಸಿದರು. ಗಡಿಯ ಮಾತು ಅನ್ನುವ ಮಟ್ಟಿಗೆ ಹೌದು. ಆದರೆ ಮರಾಠಿಯೋ ತೆಲುಗೋ ಕಂಡರೆ ನಮ್ಮ ನೋಡುಗರಿಗೆ ನಮ್ಮ ಗಡಿ ಜಗಳಗಳು ನೆನಪಾಗುತ್ತವೆ. ಉಕ್ರೇನಿನ ಇತಿಹಾಸ ಅಲ್ಲಿ ಕಾಣುವುದಿಲ್ಲ.

ಹಾಗಾದ್ರೆ ಏನು ಮಾಡ್ಲಿ? ಒಂದು ದೃಶ್ಯ ಮಾಡಿ ತೋರಿಸಿ.

ಉದಾಹರಣೆಗೆ ಒಂದು ದೃಶ್ಯ ಕಟ್ಟೋಣ. ಕೀವ್‌ನ ಕಚೇರಿ. ಯುವಕನೊಬ್ಬ ಮೇಲಧಿಕಾರಿಯ ಜೊತೆ ಶಿಷ್ಟ ಉಕ್ರೇನಿಯನ್ ಆಡುತ್ತಿದ್ದಾನೆ. ಊರಿಂದ ಅಮ್ಮನ ಫೋನ್ ಬರುತ್ತದೆ. ಅವನು ಹೇಳುತ್ತಾನೆ: ‘ದಾ, ಮಾ, ಶ್ಚಾಸ್ ನೆ ಮೊಹೂ, ಯಾ ನಾ ರಾಬೋತಿ.’ ಅಂದರೆ, ‘ಹೂಂ ಅಮ್ಮ, ಈಗ ಆಗಲ್ಲ, ಕೆಲಸದಲ್ಲಿದ್ದೀನಿ.’ ಪಕ್ಕದ ಸಹೋದ್ಯೋಗಿ ತಲೆ ಎತ್ತಿ, ‘ನಿಮ್ಮ ಊರು ಯಾವುದು?’ ಅಂತ ಕೇಳುತ್ತಾಳೆ.

ಫೋನಿನ ಸಾಲನ್ನು ಬಿಡಿಸಿ ನೋಡಿ. ಶಿಷ್ಟ ಉಕ್ರೇನಿಯನ್‌ನಲ್ಲಿ ‘ಹೂಂ’ಗೆ ‘ತಾಕ್’, ಇವನು ‘ದಾ’ ಅಂದ. ‘ನನ್ನಿಂದ ಆಗುತ್ತೆ’ ಅನ್ನಲು ಉಕ್ರೇನಿಯನ್ ‘ಮೋಝು’, ರಷ್ಯನ್ ‘ಮಗೂ’. ಇವನು ‘ಮೊಹೂ’ ಅಂದ. ರಷ್ಯನ್ ಪದ, ಉಕ್ರೇನಿಯನ್ ‘ಒ’, ಉಕ್ರೇನಿಯನ್ ‘ಹ’. ಒಂದೇ ಪದದಲ್ಲಿ ಅವನ ಹಳ್ಳಿ, ಅವನ ಅಮ್ಮ ಎಲ್ಲ ಬಂತು. ಸಹೋದ್ಯೋಗಿಯ ಪ್ರಶ್ನೆ ಬಂದದ್ದು ಅದಕ್ಕೇ.

ಅಂದರೆ ನೋಡುಗರಿಗೆ ಮುಟ್ಟಿಸಬೇಕಾದ್ದು ಬೆರಕೆಯ ಪದಗಳನ್ನಲ್ಲ, ಮಾತು ಬದಲಾದ ಕ್ಷಣವನ್ನು. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಹತ್ಯಾರ ಇದೆ. ನಮ್ಮಲ್ಲಿ ಬರಹದ ಮಾತಿಗೂ ಬಾಯಿಮಾತಿಗೂ ಕಣ್ಣಿಗೆ ಹೊಡೆಯುವಷ್ಟು ಅಂತರ ಇದೆ. ಕಚೇರಿಯ ಸಾಲನ್ನು ತುಂಬು ಪ್ರತ್ಯಯದಲ್ಲಿ ಬರೆಯಿರಿ, ಫೋನಿನ ಸಾಲನ್ನು ಯಾವ ಜಿಲ್ಲೆಗೂ ಸೇರದ ಬಾಯಿಮಾತಿನಲ್ಲಿ.

```
41
00:12:04,200 --> 00:12:06,500
ಕಡತವನ್ನು ಈಗಲೇ ಕಳುಹಿಸುತ್ತೇನೆ.

42
00:12:07,100 --> 00:12:09,900
ಹೂಂ ಮ್ಮಾ, ಈಗಾಗಲ್ಲ. ಕೆಲ್ಸದಲ್ಲಿದೀನಿ.

43
00:12:11,300 --> 00:12:13,400
ನಿಮ್ಮ ಊರು ಯಾವುದು?
```

41ರಿಂದ 42ಕ್ಕೆ ಬಂದಾಗ ಓದುವವರ ಕಿವಿಗೆ ಒಂದು ಜಗ್ಗು ಸಿಗುತ್ತದೆ. ಅಷ್ಟಾದರೆ 43 ತಾನಾಗಿ ಅರ್ಥವಾಗುತ್ತದೆ. ಇದು ಕೆಲಸ ಮಾಡಲು ಒಂದು ಷರತ್ತಿದೆ. ಅದೇ ಚಿತ್ರದಲ್ಲಿ ಶಿಷ್ಟ ಉಕ್ರೇನಿಯನ್ ಆಡುವ ಬೇರೆಯವರಿಗೂ ನೀವು ‘ಮಾಡ್ತೀನಿ, ಹೋಗ್ತೀನಿ’ ಅಂತ ಬರೆದಿದ್ದರೆ ಈ ಜಗ್ಗು ಉಳಿಯುವುದಿಲ್ಲ. ಮೊದಲ ಸಾಲು ಬರೆಯುವ ಮುಂಚೆಯೇ ಯಾರ ಮಾತು ಯಾವ ಮಟ್ಟದಲ್ಲಿ ಅಂತ ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ.

ಇನ್ನೊಂದು ತಾಂತ್ರಿಕ ಮಾತು. ತುಂಬು ಪ್ರತ್ಯಯ ಜಾಗ ಜಾಸ್ತಿ ತಿನ್ನುತ್ತದೆ. ‘ಕಳುಹಿಸುತ್ತೇನೆ’ ನಮ್ಮ ಕಣ್ಣಿಗೆ ಆರು ಅಕ್ಷರ. ಆದರೆ ಒತ್ತು, ಗುಣಿತಗಳನ್ನೆಲ್ಲ ಬಿಡಿಬಿಡಿಯಾಗಿ ಎಣಿಸುವ ತಂತ್ರಾಂಶದಲ್ಲಿ ಅದು 13. ಸಾಲಿನ ಮಿತಿ ಮೀರಿತು ಅಂತ ಕೆಂಪು ಗುರುತು ಬಂದಾಗ, ಬಾಯಿಮಾತಿಗೆ ಇಳಿಸಿ ಚಿಕ್ಕದು ಮಾಡುವ ಆಸೆ ಆಗುತ್ತದೆ. ಆಗ ಪದ ಬಿಡಿ, ಪ್ರತ್ಯಯ ಬಿಡಬೇಡಿ. ‘ಕಡತವನ್ನು ಈಗಲೇ’ ಬದಲು ‘ಈಗಲೇ’ ಸಾಕು.

ಪಕ್ಕದಲ್ಲಿ ‘[ಸುರ್ಝಿಕ್]’ ಅಂತ ಹಾಕಿದ್ರೆ ಮುಗೀತಲ್ವಾ?

ಆ ಪದ ಗೊತ್ತಿರುವವರಿಗೆ ಹಣೆಪಟ್ಟಿ ಬೇಕಿಲ್ಲ, ಗೊತ್ತಿಲ್ಲದವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಜೊತೆಗೆ ಸುರ್ಝಿಕ್ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಗೆರೆ ಎಳೆಯಲು ಆಗುವುದಿಲ್ಲ. ಒಂದು ವಾಕ್ಯ ಶಿಷ್ಟವಾಗಿ ಹೊರಟು ಬೆರಕೆಯಲ್ಲಿ ಮುಗಿಯಬಹುದು.

ಪೂರ್ತಿ ರಷ್ಯನ್ ಮಾತಿನ ವಿಷಯ ಬೇರೆ. 2022ರ ನಂತರದ ಕಥೆಗಳಲ್ಲಿ ಚೌಕಿಯ ಸೈನಿಕ ರಷ್ಯನ್ ಆಡಿದನಾ, ಉಕ್ರೇನಿಯನ್ ಆಡಿದನಾ ಅನ್ನುವುದೇ ಕಥೆಯ ತಿರುವು ಆಗಿರಬಹುದು. ಅಲ್ಲಿ ‘[ರಷ್ಯನ್‌ನಲ್ಲಿ]’ ಅಂತ ಮೊದಲ ಸಾಲಿಗೆ ಹಾಕುವುದು ಸರಿ. ಇಡೀ ರಷ್ಯನ್ ಮಾತನ್ನು ಓರೆ ಅಕ್ಷರದಲ್ಲಿ ಕೊಡುವವರೂ ಇದ್ದಾರೆ. ಕನ್ನಡ ಅಕ್ಷರ ಓರೆಯಾದರೆ ಚಿಕ್ಕ ಪರದೆಯಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ, ನನಗೆ ಅದು ಇಷ್ಟವಿಲ್ಲ.

ಸಾಕ್ಷ್ಯಚಿತ್ರದಲ್ಲಿ ಅಜ್ಜಿ ಸುರ್ಝಿಕ್ ಆಡ್ತಾಳೆ. ಕನ್ನಡದಲ್ಲೂ ತಪ್ಪು ತಪ್ಪಾಗಿ ಬರೀಬೇಕಾ?

ಬೇಡ. ಅವಳು ತಪ್ಪು ಮಾತಾಡುತ್ತಿಲ್ಲ, ತನ್ನ ಮಾತಾಡುತ್ತಿದ್ದಾಳೆ. ಮನೆ ಮೇಲೆ ಶೆಲ್ ಬಿದ್ದದ್ದನ್ನು ಹೇಳುತ್ತಿರುವ ನಿಜದ ಮನುಷ್ಯಳ ಮಾತಿಗೆ ನಾವು ಕಾಗುಣಿತದ ತಪ್ಪು ತುರುಕಿದರೆ, ಅವಳು ಪೆದ್ದಿಯ ಹಾಗೆ ಕಾಣುತ್ತಾಳೆ. ಸರಳ ಬಾಯಿಮಾತಿನ ಕನ್ನಡ ಸಾಕು. ಎದುರಿನ ಪತ್ರಕರ್ತನ ಪ್ರಶ್ನೆ ಪುಸ್ತಕದ ಕನ್ನಡದಲ್ಲಿದ್ದರೆ ಅಂತರ ತಾನಾಗಿ ಕಾಣುತ್ತದೆ. ಅವಳೇ ‘ನನ್ನ ಮಾತು ಬೆರಕೆ, ಬೇಜಾರು ಮಾಡ್ಕೋಬೇಡಪ್ಪ’ ಅಂದರೆ ಮಾತ್ರ ಅದು ವಿಷಯವಾಗುತ್ತದೆ. ಆ ಸಾಲನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ.

ನಾಟಕ, ಹಾಸ್ಯಚಿತ್ರಗಳಲ್ಲಿ ಸುರ್ಝಿಕ್ ಕೇಳಿದ್ರೆ ಜನ ನಗ್ತಾರೆ. ಆ ನಗು ಕನ್ನಡಕ್ಕೆ ಹೇಗೆ ಬರಬೇಕು?

ಮೊದಲು ನಗು ಯಾರ ಮೇಲೆ ಅಂತ ನೋಡಿ. ಉಕ್ರೇನಿನ ರಂಗಭೂಮಿಯಲ್ಲಿ ಇದಕ್ಕೆ ಹಳೆಯ ಮಾದರಿ ಮಿಖಾಯ್ಲೊ ಸ್ತಾರಿತ್ಸ್ಕಿ 1883ರಲ್ಲಿ ಬರೆದ ‘ಎರಡು ಮೊಲಗಳ ಹಿಂದೆ’ ನಾಟಕ. ಅದರ ನಾಯಕ ಸಾಲದಲ್ಲಿ ಮುಳುಗಿದ ಕೀವ್‌ನ ಕ್ಷೌರಿಕ. ವರದಕ್ಷಿಣೆಗಾಗಿ ಸಿರಿವಂತರ ಮಗಳು ಪ್ರೋನ್ಯಾಳ ಹಿಂದೆ ಬಿದ್ದಿದ್ದಾನೆ. ದೊಡ್ಡ ಮನುಷ್ಯನ ಹಾಗೆ ಕಾಣಲು ರಷ್ಯನ್ ಆಡಲು ಹೋಗುತ್ತಾನೆ, ಬಾಯಲ್ಲಿ ಬರುವುದು ಬೆರಕೆ. ಹೊಲೊಖ್ವೋಸ್ತಿ ಅನ್ನುವ ತನ್ನ ಹೆಸರಿಗೂ ರಷ್ಯನ್ ಬಾಲ ಕಟ್ಟಿ ಹೊಲೊಖ್ವಾಸ್ತೊವ್ ಆಗುತ್ತಾನೆ. ಪ್ರೋನ್ಯಾಳೂ ಕಡಿಮೆಯಿಲ್ಲ.

ಇಲ್ಲಿ ನಗು ಹುಟ್ಟುವುದು ಬೆರಕೆಯಿಂದಲ್ಲ, ಬರದ ದೊಡ್ಡವರ ಭಾಷೆಯನ್ನು ಬರುವ ಹಾಗೆ ನಟಿಸುವುದರಿಂದ. ಹಾಗಾಗಿ ಮೇಲೆ ಬೇಡ ಅಂದ ಕಂಗ್ಲಿಷ್ ಇಲ್ಲಿ ಮಾತ್ರ ಸರಿಯಾಗಿ ಕೂರುತ್ತದೆ. ‘ನಂದು ಫ್ಯಾಮಿಲಿ ತುಂಬಾ ಹೈ ಕ್ವಾಲಿಫಿಕೇಷನ್ನು’ ಅನ್ನುವ ವರ ನಮಗೂ ಚೆನ್ನಾಗಿ ಗೊತ್ತು. ಆದರೆ ಈ ಸೂತ್ರವನ್ನು ಅಮ್ಮನ ಫೋನಿಗೂ ಹಚ್ಚಬೇಡಿ. ಅವಳು ಯಾರನ್ನೂ ಮೆಚ್ಚಿಸಲು ಆಡುತ್ತಿಲ್ಲ.

ಕಥೆಯಲ್ಲಿ ಮೂಲದ ಪದ ಎಷ್ಟು ಉಳಿಸ್ಬೇಕು?

ಕಥೆಗೆ ಸಬ್‌ಟೈಟಲ್‌ನ ಗಡಿಯಾರವಿಲ್ಲ, ನಿರೂಪಕ ಸಹಾಯಕ್ಕೆ ಬರುತ್ತಾನೆ. ‘ಅವಳು ಲಿಕಾರ್ನ್ಯಾ ಅನ್ನಲಿಲ್ಲ, ಬೊಲ್ನಿತ್ಸ್ಯಾ ಅಂದಳು. ಡಾಕ್ಟರ್ ಮುಖ ಸ್ವಲ್ಪ ಬಿಗಿಯಿತು.’ ಹೀಗೆ ಒಮ್ಮೆ ಬರೆದರೆ ಓದುಗರಿಗೆ ಒಂದು ಜೋಡಿ ಪದ ಸಿಕ್ಕಿತು. ಮೂವತ್ತು ಪುಟ ಆದ ಮೇಲೆ ಮಗಳು ಅದೇ ಡಾಕ್ಟರ ಮುಂದೆ ತಡವರಿಸಿ ‘ಬೊಲ್... ಲಿಕಾರ್ನ್ಯಾ’ ಅಂದರೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಒಂದು ಸಣ್ಣ ಕಥೆಗೆ ಇಂಥ ಒಂದೇ ಜೋಡಿ ಸಾಕು, ಕಾದಂಬರಿಗೆ ಮೂರು ನಾಲ್ಕು. ಬೇರೆ ಬೇರೆ ಇಪ್ಪತ್ತು ಪದ ಉದುರಿಸಿ ಕೊನೆಯಲ್ಲಿ ಅರ್ಥಕೋಶ ಕೊಟ್ಟರೆ ಯಾರೂ ಪುಟ ತಿರುವಿ ನೋಡುವುದಿಲ್ಲ.

ಜೋಡಿ ಆರಿಸುವಾಗ ಕನ್ನಡ ಅಕ್ಷರದಲ್ಲಿ ವ್ಯತ್ಯಾಸ ಕಾಣುವಂಥದ್ದನ್ನೇ ಆರಿಸಿ. ‘ತಾಕ್’ ಮತ್ತು ‘ದಾ’, ‘ತ್ರೆಬಾ’ ಮತ್ತು ‘ನಾದಾ’ ಚೆನ್ನಾಗಿ ಕೂರುತ್ತವೆ. ‘ರೊಬೋತಿ’ ಮತ್ತು ‘ರಾಬೋತಿ’ ಪಕ್ಕಪಕ್ಕ ಇಟ್ಟರೆ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ನನ್ನ ಒಂದು ಹಸ್ತಪ್ರತಿಯಲ್ಲಿ ಕರಡು ತಿದ್ದುವವರು ಹಾಗೇ ಅಂದುಕೊಂಡು ಎರಡನ್ನೂ ಒಂದೇ ಮಾಡಿ ಕಳಿಸಿದ್ದರು.